ಅಮ್ಮನ ಟ್ರೈಗ್ಲಿಸರೈಡ್ 312: ಅಡುಗೆ ಬದಲಿಸಲು ಬರೆದ ಕಾಗದ, ಕಳಿಸುವ ಮುಂಚೆ ಒಮ್ಮೆ ನೋಡಿ ಹೇಳಿ

ಕಲ್ಪತರುನಾಡಿನವಳು

ಅಮ್ಮ ಇರುವುದು ತಿಪಟೂರಿನಲ್ಲಿ, ವಯಸ್ಸು 61. ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಹೋದ ತಿಂಗಳು ಅಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಒಟ್ಟು ಕೊಲೆಸ್ಟ್ರಾಲ್ 204, ಎಚ್‌ಡಿಎಲ್ 38, ಎಲ್‌ಡಿಎಲ್ 104, ವಿಎಲ್‌ಡಿಎಲ್ 62, ಟ್ರೈಗ್ಲಿಸರೈಡ್ 312. ಮೂರು ತಿಂಗಳ ಸಕ್ಕರೆಯ ಸರಾಸರಿ, ಅಂದರೆ ಎಚ್‌ಬಿಎ1ಸಿ, 6.2. ಡಾಕ್ಟರು "ಈಗಲೇ ಮಾತ್ರೆ ಬೇಡ, ಊಟ ಸರಿ ಮಾಡಿಕೊಳ್ಳಿ, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ" ಅಂದರಂತೆ. ಊಟದಲ್ಲಿ ಏನು ಸರಿ ಮಾಡಬೇಕು ಅಂತ ಹೇಳಿಲ್ಲ, ಅಮ್ಮ ಕೇಳಿಲ್ಲ.

ಮನೆಗೆ ಬಂದವರೇ ಕಾಯಿ, ತುಪ್ಪ, ಕಡಲೆಕಾಯಿ ಎಲ್ಲ ನಿಲ್ಲಿಸಿದ್ದಾರೆ. ತಿಪಟೂರಿನ ಮನೆಯಲ್ಲಿ ಕಾಯಿ ಇಲ್ಲದ ಸಾರು! ಅದು ರುಚಿಸುವುದಿಲ್ಲ, ಹೊಟ್ಟೆಯೂ ತುಂಬುವುದಿಲ್ಲ. ಹಾಗಾಗಿ ಅನ್ನ ಇನ್ನೊಂದು ಸೌಟು, ಸಂಜೆ ಕಾಫಿಗೆ ರಸ್ಕು, ರಾತ್ರಿ ಬೆಲ್ಲ ಹಾಕಿದ ರಾಗಿ ಗಂಜಿ. ಕೇಳಿದರೆ "ಅದರಲ್ಲಿ ಎಣ್ಣೆ ಎಲ್ಲಿದೆ?" ಅಂತಾರೆ. ಫೋನಿನಲ್ಲಿ ಹೇಳೋಕೆ ಹೋದರೆ ಮಾತು ಪಕ್ಕದ ಮನೆ ಮದುವೆಗೆ ತಿರುಗುತ್ತದೆ. ಅದಕ್ಕೇ ಕಾಗದ ಬರೆದಿದ್ದೇನೆ. ತಪ್ಪಿದ್ದರೆ ಹೇಳಿ.

*ಪ್ರೀತಿಯ ಅಮ್ಮನಿಗೆ ನಿನ್ನ ಮಗಳು ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಅಪ್ಪನ ಮೊಣಕಾಲು ಹೇಗಿದೆ ಅಂತ ಬರಿ.*

*ಅಮ್ಮಾ, ನಿನ್ನ ರಿಪೋರ್ಟಿನಲ್ಲಿ ಏರಿರುವುದು ಟ್ರೈಗ್ಲಿಸರೈಡ್. ಅದು ಬರೀ ಎಣ್ಣೆ, ಕಾಯಿಯಿಂದ ಏರುವುದಲ್ಲ. ಅನ್ನ, ರವೆ, ಸಕ್ಕರೆ, ಬೆಲ್ಲ ಮೈಗೆ ಬೇಕಾದ್ದಕ್ಕಿಂತ ಜಾಸ್ತಿ ಹೋದರೆ ಲಿವರ್ ಅದನ್ನೇ ಕೊಬ್ಬು ಮಾಡಿ ರಕ್ತಕ್ಕೆ ಬಿಡುತ್ತದೆ. ನೀನು ಕಾಯಿ ಬಿಟ್ಟು ರಸ್ಕು ಹಿಡಿದರೆ ಅದು ಇಳಿಯೋದಿಲ್ಲ.*

*ಮೊದಲು ಕಾಫಿ. ದಿನಕ್ಕೆ ನಾಲ್ಕು ಲೋಟ ಕುಡಿ, ನಾನು ಬೇಡ ಅನ್ನಲ್ಲ. ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕ್ತೀಯಲ್ಲ, ಈ ವಾರ ಒಂದೂವರೆ ಹಾಕು. ಇನ್ನೆರಡು ವಾರ ಕಳೆದ ಮೇಲೆ ಒಂದಕ್ಕೆ ಇಳಿಸು. ಸಕ್ಕರೆ ಬದಲು ಬೆಲ್ಲ ಹಾಕಿದರೆ ಲೆಕ್ಕ ಅದೇ.*

*ಮಧ್ಯಾಹ್ನ ಮುದ್ದೆ, ಆಮೇಲೆ ಅನ್ನ ಸಾರು, ಆಮೇಲೆ ಅನ್ನ ಮಜ್ಜಿಗೆ. ಮೂರು ಸಲ ಅದೇ ಹಿಟ್ಟು ಹೊಟ್ಟೆಗೆ ಹೋಗುತ್ತದೆ. ಮುದ್ದೆ ಮಾಡಿದ ದಿನ ಮುದ್ದೆ ಮಾತ್ರ ಸಾಕು, ಮಜ್ಜಿಗೆ ಲೋಟದಲ್ಲಿ ಕುಡಿ. ಅನ್ನದ ದಿನ ನಿಮ್ಮಿಬ್ಬರಿಗೆ ಪಾವು ಅಕ್ಕಿ ಬದಲು ಅರ್ಧ ಪಾವು ಹಾಕು. ಕಡಿಮೆಯಾದ ಜಾಗಕ್ಕೆ ಕಾಳು ಬರಲಿ. ವಾರಕ್ಕೆ ಎರಡು ದಿನ ಬಸ್ಸಾರು ಮಾಡು, ಬಸಿದ ಕಾಳು ಸೊಪ್ಪನ್ನು ಪಲ್ಯ ಮಾಡಿ ಮೊದಲು ಅದನ್ನೇ ತಿನ್ನು. ತಿಳಿಸಾರು ಮಾಡಿ ಬೇಳೆಯನ್ನು ಪಾತ್ರೆ ತಳದಲ್ಲೇ ಬಿಡಬೇಡ.*

*ಉಪ್ಪಿಟ್ಟಿಗೆ ಒಂದು ಲೋಟ ರವೆ ಬದಲು ಅರ್ಧ ಲೋಟ. ಅದರ ಎರಡರಷ್ಟು ಬೀನ್ಸ್, ಕ್ಯಾರೆಟ್, ಅವರೆಕಾಳು. ಒಗ್ಗರಣೆಗೆ ಕಡಲೆಕಾಯಿ ಬೀಜ ಮತ್ತೆ ಹಾಕು. ಸಂಜೆ ರಸ್ಕು ಬದಲು ಒಂದು ಹಿಡಿ ಬೇಯಿಸಿದ ಕಡಲೆಕಾಳು. ರಾತ್ರಿ ಬೆಲ್ಲದ ಗಂಜಿ ಬೇಡ, ಹಸಿವಾದರೆ ಉಪ್ಪು ಹಾಕಿದ ಮಜ್ಜಿಗೆ ಕುಡಿ.*

*ಸೋಮವಾರ ಒಪ್ಪತ್ತು ಮಾಡಿ ರಾತ್ರಿ ಅವಲಕ್ಕಿ, ಬಾಳೆಹಣ್ಣು, ಬೆಲ್ಲ ತಿಂತೀಯ. ಒಪ್ಪತ್ತು ಬಿಡು ಅಂತ ಹೇಳೋಕೆ ನಾನು ಯಾರು? ಆದರೆ ಅವಲಕ್ಕಿ ಜಾಗದಲ್ಲಿ ನೆನೆಸಿದ ಹೆಸರುಕಾಳಿನ ಉಸಲಿ ಆಗುತ್ತಾ ನೋಡು.*

*ಕಾಯಿ ಮತ್ತೆ ಹಾಕು, ದಿನಕ್ಕೆ ಕಾಲು ಹೋಳು. ಅಪ್ಪನೂ ಇದನ್ನೇ ಊಟ ಮಾಡಲಿ, ಅವರಿಗೆ ಬೇರೆ ಅಡುಗೆ ಮಾಡಬೇಡ.*

ಇಷ್ಟೇ. ಏನಂತೀರಿ?

ಗಡಿಬಿಡಿ ಗೌಡ

ಕಾಗದ ಚೆನ್ನಾಗಿದೆ. ಉಪ್ಪಿನ ವಿಷಯ ಬಿಟ್ಟಿದ್ದೀರಿ. ಹಪ್ಪಳ, ಉಪ್ಪಿನಕಾಯಿ ಮೊದಲು ನಿಲ್ಲಿಸಲಿ. ನಮ್ಮಪ್ಪನಿಗೆ ಅದರಿಂದಲೇ ಇಳಿಯಿತು.

ಕಲ್ಪತರುನಾಡಿನವಳು

ನಿಮ್ಮ ತಂದೆಯವರಿಗೆ ಬಿಪಿ ಇತ್ತಾ? ಇಲ್ಲಿ ಕೇಳಿರುವುದು ಟ್ರೈಗ್ಲಿಸರೈಡ್. ಅಮ್ಮನಿಗೆ ಬಿಪಿ ಮಾತ್ರೆಯೂ ಇದೆ, ಆದರೆ ಅದು ಹತೋಟಿಯಲ್ಲಿದೆ.

ಗಡಿಬಿಡಿ ಗೌಡ

ಓ, ಬಿಪಿ ಅಂದುಕೊಂಡೆ. ಶೀರ್ಷಿಕೆಯಲ್ಲಿ 312 ನೋಡಿ ಗಾಬರಿಯಾಗಿದ್ದೆ. ಆದರೂ ಉಪ್ಪಿನಕಾಯಿ ಕಡಿಮೆ ಮಾಡಲಿ.

ಕುಡ್ಲದ ಮೀನು

ಇಷ್ಟೆಲ್ಲ ಯಾಕೆ? ವಾರಕ್ಕೆ ಮೂರು ದಿನ ಬಂಗುಡೆ, ಬೂತಾಯಿ ಸಾರು ಮಾಡಿಕೊಟ್ಟರೆ ಟ್ರೈಗ್ಲಿಸರೈಡ್ ತಾನಾಗಿ ಇಳಿಯುತ್ತದೆ. ಒಮೆಗಾ 3 ಅಂತ ಮಾತ್ರೆ ಮಾರುತ್ತಾರಲ್ಲ, ಅದು ಬರುವುದು ಈ ತರದ ಮೀನಿನಿಂದಲೇ.

ಕಲ್ಪತರುನಾಡಿನವಳು

ನಮ್ಮನೆಯಲ್ಲಿ ಮೀನು ತಿನ್ನಲ್ಲ. ಮೊಟ್ಟೆ ತಂದರೂ ಅಮ್ಮ ಅಡುಗೆಮನೆಯಿಂದ ಆಚೆ ಹೋಗುತ್ತಾರೆ.

ಜೋಳದ ರೊಟ್ಟಿ

ಅಗಸಿ ಚಟ್ನಿಪುಡಿ ತಿನ್ನಲಿಕ್ಕೆ ಹೇಳ್ರಿ. ನಮ್ಮ ಧಾರವಾಡ ಕಡೆ ದಿನಾ ರೊಟ್ಟಿ ಜೊತೆ ಇರುತ್ತದೆ. ಅದರಲ್ಲೂ ಒಮೆಗಾ 3 ಇದೆ. ಹುರಿದು ಪುಡಿ ಮಾಡಬೇಕು, ಇಡೀ ಬೀಜ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ.

ನಿವೃತ್ತ ಲ್ಯಾಬಿನವರು

ಅನೇಕ ವರ್ಷ ಲ್ಯಾಬಿನಲ್ಲಿದ್ದವನು ನಾನು, ಡಾಕ್ಟರಲ್ಲ. ಕಾಗದದ ದಿಕ್ಕು ಸರಿ ಇದೆ. ಕೆಲವು ಮಾತು ಸೇರಿಸುತ್ತೇನೆ.

ರಿಪೋರ್ಟಿನಲ್ಲಿ ವಿಎಲ್‌ಡಿಎಲ್ 62 ಅಂತ ದಪ್ಪಕ್ಷರದಲ್ಲಿ ಬಂದಿರುತ್ತದೆ. ಅದನ್ನು ನೋಡಿ ಇನ್ನೊಂದು ರೋಗ ಅಂತ ಹೆದರುವವರು ತುಂಬಾ ಜನ. ಸಾಮಾನ್ಯವಾಗಿ ಅದನ್ನು ಬೇರೆಯಾಗಿ ಅಳೆಯುವುದಿಲ್ಲ. ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿ ಬರೆಯುತ್ತಾರೆ. 312ನ್ನು ಭಾಗಿಸಿ ನೋಡಿ, 62 ಬರುತ್ತದೆ. ಎಲ್‌ಡಿಎಲ್ 104 ಕೂಡ ಲೆಕ್ಕದಿಂದ ಬಂದಿದ್ದೇ: 204ರಲ್ಲಿ 38 ಕಳೆದು, 62 ಕಳೆಯಿರಿ. ಅಂದರೆ ಮೂಲದಲ್ಲಿ ಏರಿರುವುದು ಒಂದೇ, ಟ್ರೈಗ್ಲಿಸರೈಡ್. ಅದು 400 ದಾಟಿದರೆ ಈ ಲೆಕ್ಕವನ್ನು ನಂಬುವ ಹಾಗಿಲ್ಲ. ಆಗ ಎಲ್‌ಡಿಎಲ್ ನೇರವಾಗಿ ಅಳೆಯಿರಿ ಅಂತ ಕೇಳಬೇಕು.

150ರ ಒಳಗೆ ಇದ್ದರೆ ಸರಿ. 200ರಿಂದ 499ರವರೆಗೆ ಜಾಸ್ತಿ ಅಂತ ಬರೆಯುತ್ತಾರೆ. ಅಮ್ಮನ 312 ಅಲ್ಲಿ ಬರುತ್ತದೆ. ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಡಿಮೆ, ಸಕ್ಕರೆ ಸ್ವಲ್ಪ ಮೇಲೆ. ಈ ಮೂರೂ ಒಟ್ಟಿಗೆ ಬಂದಾಗ ಮೊದಲು ಅನ್ನ, ಸಕ್ಕರೆ, ಸೊಂಟದ ಸುತ್ತಳತೆ ನೋಡಬೇಕು. ಎಣ್ಣೆ ಬಾಟಲಿ ಆಮೇಲೆ.

ನನಗೆ ಒಂದು ಕೇಳಬೇಕಿದೆ. ರಕ್ತ ಕೊಡುವಾಗ ಅಮ್ಮ ಎಷ್ಟು ಗಂಟೆ ಉಪವಾಸ ಇದ್ದರು?

ಕಲ್ಪತರುನಾಡಿನವಳು

ಕೇಳಿ ಹೇಳುತ್ತೇನೆ. "ಖಾಲಿ ಹೊಟ್ಟೆಯಲ್ಲೇ ಹೋಗಿದ್ದೆ" ಅಂತ ಅಂದಿದ್ದರು.

ಅತ್ತಿಗೆ ಹೇಳಿದ್ದು

ನಾನು ಡಾಕ್ಟರ ಮನೆಯವಳು, ಹೇಳ್ತೀನಿ ಕೇಳಿ. ಕಾಯಿ ಬೇಡವೇ ಬೇಡ. ಕಾಯಿಯಲ್ಲಿ ಇರುವುದು ಕೆಟ್ಟ ಕೊಬ್ಬು. ಇವಳು "ಮತ್ತೆ ಹಾಕು" ಅಂತ ಬರೆದಿದ್ದಾಳಲ್ಲ, ಅದು ಸರಿಯಿಲ್ಲ. ಕೊಲೆಸ್ಟ್ರಾಲ್ ಏರುತ್ತದೆ.

ಕೊಬ್ಬರಿ ಮಂಡಿ

ಅಕ್ಕಾ, ತಿಪಟೂರಿನವರ ಎದುರು ಈ ಮಾತಾ? ನಮ್ಮಜ್ಜಿ ಕಾಯಿ ತಿಂದೇ 90 ದಾಟಿದರು.

ಅತ್ತಿಗೆ ಹೇಳಿದ್ದು

ನಿಮ್ಮಜ್ಜಿ ಹೊಲದಲ್ಲಿ ಕೆಲಸ ಮಾಡಿರುತ್ತಾರೆ. ಇವರಮ್ಮ ಮಿಕ್ಸಿಯಲ್ಲಿ ರುಬ್ಬುತ್ತಾರೆ.

ನಿವೃತ್ತ ಲ್ಯಾಬಿನವರು

ಇಬ್ಬರ ಮಾತಲ್ಲೂ ಸ್ವಲ್ಪ ಹುರುಳಿದೆ. ತೆಂಗಿನ ಕೊಬ್ಬಿನಲ್ಲಿ ಸುಮಾರು 90 ಭಾಗ ಸ್ಯಾಚುರೇಟೆಡ್, ಅದು ಎಲ್‌ಡಿಎಲ್ ಏರಿಸುತ್ತದೆ. ಅತ್ತಿಗೆಯವರು ಹೇಳಿದ್ದು ಅಷ್ಟರ ಮಟ್ಟಿಗೆ ನಿಜ. ಈ ಅಮ್ಮನ ಎಲ್‌ಡಿಎಲ್ 104, ಅದು ಈಗಿನ ದೊಡ್ಡ ತೊಂದರೆ ಅಲ್ಲ. ಕಾಯಿ ಪೂರ್ತಿ ಬಿಡಿಸಿದ್ದರಿಂದ ಆಗಿದ್ದೇನು? ಸಾರು ರುಚಿಸಲಿಲ್ಲ, ಅನ್ನ ಜಾಸ್ತಿಯಾಯಿತು. ಸಾರಿಗೆ, ಪಲ್ಯಕ್ಕೆ ಬೇಕಾದಷ್ಟು ತುರಿ ಇರಲಿ. ಆದರೆ ಕಾಯಿ ಹಾಲಿನ ಪಾಯಸ, ಕೊಬ್ಬರಿ ಮಿಠಾಯಿ ಬೇರೆ ಮಾತು. ಅಲ್ಲಿ ಕೊಬ್ಬಿನ ಜೊತೆ ಬೆಲ್ಲವೂ ಸೇರುತ್ತದೆ. "ಕಾಲು ಹೋಳು" ಇಬ್ಬರಿಗೂ ಸೇರಿ ಅಂತ ಕಾಗದದಲ್ಲಿ ಸ್ಪಷ್ಟವಾಗಿ ಬರೆಯಿರಿ. ಇಲ್ಲದಿದ್ದರೆ ಒಬ್ಬೊಬ್ಬರಿಗೆ ಕಾಲು ಹೋಳು ಅಂತ ಓದಿಕೊಳ್ಳುತ್ತಾರೆ.

ಮೀನಿನ ವಿಷಯ. ಬಂಗುಡೆ, ಬೂತಾಯಿ ಒಳ್ಳೆಯದೇ. ಆದರೆ ಟ್ರೈಗ್ಲಿಸರೈಡ್ ಇಳಿಸಲು ಡಾಕ್ಟರು ಕೊಡುವ ಒಮೆಗಾ 3 ದಿನಕ್ಕೆ ಕೆಲವು ಗ್ರಾಂ ಇರುತ್ತದೆ, ಸಾರಿನ ಎರಡು ಮೀನಿನಲ್ಲಿ ದಿನಾ ಅಷ್ಟು ಸಿಗುವುದು ಕಷ್ಟ. ಅಗಸೆಯಲ್ಲಿರುವುದು ಬೇರೆ ತರದ ಒಮೆಗಾ 3. ನಮ್ಮ ಮೈ ಅದನ್ನು ಮೀನಿನಲ್ಲಿರುವಂಥದ್ದಕ್ಕೆ ಬದಲಾಯಿಸುವುದು ತೀರಾ ಕಡಿಮೆ. ಚಟ್ನಿಪುಡಿ ರುಚಿಗೆ, ನಾರಿಗೆ ತಿನ್ನಲಿ. ಔಷಧಿ ಅಂತ ನಂಬಿ ಪಕ್ಕದಲ್ಲಿ ಮೂರು ಸಲ ಅನ್ನ ಬಡಿಸಿಕೊಂಡರೆ ಏನೂ ಆಗುವುದಿಲ್ಲ.

ಜೋಳದ ರೊಟ್ಟಿ

ರೊಟ್ಟಿ ಜೊತೆ ತಿನ್ನಿ ಅಂದೆ, ಅನ್ನದ ಜೊತೆ ಅಂದಿಲ್ಲ.

ಲಂಡನ್ನಿನ ಲಿಂಗರಾಜ

ಇಲ್ಲಿ ನನ್ನ ಟ್ರೈಗ್ಲಿಸರೈಡ್ 2.1 ಬಂತು. ನಿಮ್ಮ ತಾಯಿಯವರದ್ದು 312! ಏನ್ರೀ ಇಷ್ಟೊಂದು ವ್ಯತ್ಯಾಸ? ಊರಿನ ಊಟ ಅಷ್ಟು ಕೆಟ್ಟುಹೋಗಿದೆಯಾ?

ಕಲ್ಪತರುನಾಡಿನವಳು

ಅಳತೆ ಬೇರೆ ರೀ. ಇಲ್ಲಿ ಬರುವ ಸಂಖ್ಯೆಯನ್ನು 88.6ರಿಂದ ಗುಣಿಸಿದರೆ ಊರಿನ ಲೆಕ್ಕ ಸಿಗುತ್ತದೆ. ನಿಮ್ಮದು ಸುಮಾರು 186.

ಲಂಡನ್ನಿನ ಲಿಂಗರಾಜ

ಹಾಗಾದರೆ ನನ್ನದೂ ಜಾಸ್ತಿನೇ ಆಯ್ತಲ್ಲ! ಸುಮ್ನೆ ಖುಷಿಯಾಗಿದ್ದೆ.

ನಿವೃತ್ತ ಲ್ಯಾಬಿನವರು

ಗಡಿಯಲ್ಲಿದ್ದೀರಿ. ಕೊಲೆಸ್ಟ್ರಾಲ್‌ಗೆ ಮಾತ್ರ 88.6 ಹಾಕಬೇಡಿ, ಅದಕ್ಕೆ 38.7. ಒಂದಕ್ಕೆ ಹಾಕುವುದನ್ನು ಇನ್ನೊಂದಕ್ಕೆ ಹಾಕಿ ರಾತ್ರಿಯೆಲ್ಲ ನಿದ್ದೆ ಬಿಟ್ಟವರನ್ನು ನೋಡಿದ್ದೇನೆ.

ಮೈಸೂರು ಅಜ್ಜಿ

ಮಗಳೇ, ನನಗೂ ನಿನ್ನಂಥ ಒಬ್ಬಳು ಮಗಳು ಅಮೆರಿಕದಲ್ಲಿದ್ದಾಳೆ. ಅವಳೂ ಹೀಗೇ ಉದ್ದುದ್ದ ಬರೆಯುತ್ತಾಳೆ. ನಾನು ಅರ್ಧ ಓದಿ ಡಬ್ಬಿ ಕೆಳಗೆ ಇಡುತ್ತೇನೆ.

ಲಿವರ್ ಏನು ಮಾಡುತ್ತದೆ ಅಂತ ನಿಮ್ಮಮ್ಮನಿಗೆ ಬೇಡ. ಬೆಳಿಗ್ಗೆ ಎದ್ದು ಏನು ಅಳೆಯಬೇಕು ಅದನ್ನು ಹೇಳು. ಅರ್ಧ ಪಾವು, ಅರ್ಧ ಲೋಟ ರವೆ ಅಂತ ಬರೆದಿದ್ದೀಯಲ್ಲ, ಅದು ಸರಿ. ಗ್ರಾಂ ಬರೆದಿದ್ದರೆ ನಾನೂ ಓದುತ್ತಿರಲಿಲ್ಲ. ಎಣ್ಣೆಗೂ ಹಾಗೇ ಒಂದು ಅಳತೆ ಕೊಡು. ಚಮಚ ಲೆಕ್ಕ ಇಡೋಕೆ ಒಲೆ ಮುಂದೆ ಯಾರಿಗೂ ಆಗಲ್ಲ.

ಇನ್ನೊಂದು ಮಾತು. "ಅಪ್ಪನೂ ಇದನ್ನೇ ಊಟ ಮಾಡಲಿ" ಅಂತ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯ. ನಿಜವಾದ ಕಷ್ಟ ಅಲ್ಲೇ ಇರೋದು. ಅವರು ತಟ್ಟೆ ಮುಂದೆ ಕೂತು "ಏನಿದು ಉಪ್ಪಿಟ್ಟೋ ಪಲ್ಯವೋ?" ಅಂದರೆ ಮಾರನೇ ದಿನ ರವೆ ಮತ್ತೆ ಪೂರ್ತಿ ಲೋಟ ಆಗುತ್ತದೆ. ಕಾಗದ ಅಪ್ಪನ ಹೆಸರಿಗೂ ಬರೆ.

ಕೊಬ್ಬರಿ ಮಂಡಿ

ಅಜ್ಜಿ ಮಾತು ನೂರಕ್ಕೆ ನೂರು. ನಮ್ಮ ಮನೆಯಲ್ಲಿ ಅಪ್ಪ ಹೂಂ ಅನ್ನದೆ ಒಗ್ಗರಣೆಗೆ ಸಾಸಿವೆ ಕಾಳೂ ಬದಲಾಗಲ್ಲ.

ಹಟಮಾರಿ

ಅಮ್ಮಂದಿರಿಗೆ ಬುದ್ಧಿ ಹೇಳುವ ಮಕ್ಕಳು ವಿದೇಶದಲ್ಲಿ ಕೂತು ಕಾಗದ ಬರೆಯೋದು, ಅಮ್ಮ ಊರಲ್ಲಿ ಒಬ್ಬಳೇ ಕಾಳು ನೆನೆಸೋದು. ಬಂದು ಒಂದು ತಿಂಗಳು ಅಡುಗೆ ಮಾಡಿಕೊಡಿ, ಆಗ ಗೊತ್ತಾಗುತ್ತದೆ.

ಕಲ್ಪತರುನಾಡಿನವಳು

ಬರಬೇಕು ನಿಜ. ರಜೆ ಸಿಗುವುದು ಡಿಸೆಂಬರಿನಲ್ಲಿ. ಅಲ್ಲಿವರೆಗೆ ಸುಮ್ಮನಿರಬೇಕಾ?

ಅಜ್ಜಿ, ಎಣ್ಣೆ ಅಳತೆ ಹೇಗೆ ಕೊಡಲಿ? ಒಬ್ಬರಿಗೆ ದಿನಕ್ಕೆ ನಾಲ್ಕು ಸಣ್ಣ ಚಮಚದ ಹತ್ತಿರ ಅಂತ ಓದಿದ್ದೇನೆ.

ಮೈಸೂರು ಅಜ್ಜಿ

ಡಬ್ಬಿ ಲೆಕ್ಕ ಕೊಡು. ಒಂದು ಲೀಟರ್ ಇಬ್ಬರಿಗೆ ಎಷ್ಟು ದಿನ ಬರಬೇಕು ಅಂತ ಹೇಳು. ಪ್ಯಾಕೆಟ್ ಒಡೆದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಆಯ್ತು.

ನಿವೃತ್ತ ಲ್ಯಾಬಿನವರು

ಆ ಲೆಕ್ಕದಲ್ಲಿ ಇಬ್ಬರಿಗೆ ಲೀಟರ್ ಎಣ್ಣೆ ಮೂರು ವಾರದ ಮೇಲೆ ಬರಬೇಕು. ಎರಡು ವಾರಕ್ಕೇ ಮುಗಿದರೆ ಎಲ್ಲೋ ಬೋಂಡ ಆಗಿದೆ ಅಂತ ಅರ್ಥ. ತುಪ್ಪವನ್ನೂ ಇದರಲ್ಲೇ ಸೇರಿಸಿ.

ಹೆಸರು ಬೇಡ

ಸ್ವಲ್ಪ ನಮ್ಮ ಮನೆ ವಿಷಯ ಹೇಳುತ್ತೇನೆ. ನನ್ನ ಭಾವನಿಗೆ ಟ್ರೈಗ್ಲಿಸರೈಡ್ 900ರ ಮೇಲೆ ಇತ್ತು. ಕುಡಿತವೂ ಇತ್ತು, ಸಕ್ಕರೆ ಕಾಯಿಲೆಗೆ ಮಾತ್ರೆ ಸರಿಯಾಗಿ ತಗೊಳ್ತಿರಲಿಲ್ಲ. ಯಾರೋ ಕಷಾಯ ಹೇಳಿದರು, ಅದನ್ನೇ ಕುಡಿಯುತ್ತಾ ಕೂತರು. ಒಂದು ರಾತ್ರಿ ಮೇಲ್ಹೊಟ್ಟೆಯಲ್ಲಿ ಬೆನ್ನಿಗೆ ಹೊಡೆಯುವ ಹಾಗೆ ನೋವು, ವಾಂತಿ. ಮೇದೋಜೀರಕ ಗ್ರಂಥಿ ಊದಿಕೊಂಡಿತ್ತು. ಆಸ್ಪತ್ರೆಯಲ್ಲಿ ತುಂಬಾ ದಿನ ಇರಬೇಕಾಯ್ತು. ಹಾಗಾಗಿ ಇಲ್ಲಿ ಓದುವವರು ಯಾರಿಗಾದರೂ 500ರ ಮೇಲೆ ಇದ್ದರೆ ಉಸಲಿ, ಬಸ್ಸಾರು ಅಂತ ಮೂರು ತಿಂಗಳು ಕಾಯಬೇಡಿ. ತಕ್ಷಣ ಡಾಕ್ಟರ ಹತ್ತಿರ ಹೋಗಿ.

ನಿವೃತ್ತ ಲ್ಯಾಬಿನವರು

ಸರಿಯಾದ ಮಾತು. ಈ ಕಾಗದ 312ಕ್ಕೆ ಸರಿ. 500 ದಾಟಿದವರು ಇದನ್ನು ನಕಲು ಮಾಡಬಾರದು. ಸಾವಿರದ ಹತ್ತಿರ ಇರುವವರಿಗೆ ಎಣ್ಣೆಯನ್ನೂ ಬಿಗಿಯಾಗಿ ಇಳಿಸುತ್ತಾರೆ, ಕಡಲೆಕಾಯಿ ಬೀಜ ಮತ್ತೆ ಹಾಕು ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಸಿರಿಧಾನ್ಯ ಸೀನ

ಅಕ್ಕಿಯೇ ವಿಷ. ನವಣೆ, ಸಾಮೆ, ಊದಲು ತಿನ್ನಲಿ. ಎಷ್ಟು ತಿಂದರೂ ಏನೂ ಆಗಲ್ಲ.

ಕಲ್ಪತರುನಾಡಿನವಳು

ಎಷ್ಟು ತಿಂದರೂ ಅನ್ನೋದೇ ನನಗೆ ಹೆದರಿಕೆ. ಅಮ್ಮ ಹೋದ ವರ್ಷ ನವಣೆ ಅನ್ನ ಮಾಡಿದ್ದರು. "ಇದು ಒಳ್ಳೆಯದು" ಅಂತ ಎರಡು ತಟ್ಟೆ ಬಡಿಸಿಕೊಂಡರು.

ನಿವೃತ್ತ ಲ್ಯಾಬಿನವರು

ಸಿರಿಧಾನ್ಯದಲ್ಲಿ ನಾರು ಜಾಸ್ತಿ, ಹೊಟ್ಟೆ ಬೇಗ ತುಂಬುತ್ತದೆ, ಅದು ನಿಜ. ಆದರೆ ಅದರಲ್ಲೂ ಬಹುಪಾಲು ಪಿಷ್ಟವೇ. ರಾಗಿಯೂ ಹಾಗೇ, ನೂರು ಗ್ರಾಂ ಹಿಟ್ಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪಿಷ್ಟ ಇರುತ್ತದೆ. ಗಟ್ಟಿ ಮುದ್ದೆಗಿಂತ ನುಣ್ಣಗೆ ಬೇಯಿಸಿದ ಗಂಜಿ ಬೇಗ ಜೀರ್ಣ ಆಗುತ್ತದೆ. ಮೇಲೆ ಬೆಲ್ಲ ಹಾಕಿದರಂತೂ ಕೇಳಬೇಡಿ. ಹಾಗಾಗಿ ಕಾಗದದಲ್ಲಿ ಮುದ್ದೆ ಮಾತ್ರ ಸಾಕು ಅಂದ ಕಡೆ ಒಂದೇ ಮುದ್ದೆ ಅಂತ ಬರೆಯಿರಿ. ಗಾತ್ರವೂ ಹೇಳಿ.

ಗಡಿಬಿಡಿ ಗೌಡ

ಮಂಡ್ಯದ ಮುದ್ದೆಯಾ, ತಿಪಟೂರಿನ ಮುದ್ದೆಯಾ? ಎರಡಕ್ಕೂ ಅಜಗಜ ವ್ಯತ್ಯಾಸ.

ಕೊಬ್ಬರಿ ಮಂಡಿ

ಮಂಡ್ಯದ ಮುದ್ದೆ ತಿಂದರೆ ಮೂರು ತಿಂಗಳು ಪರೀಕ್ಷೆಗೆ ಹೋಗೋದೇ ಬೇಡ.

ಅತ್ತಿಗೆ ಹೇಳಿದ್ದು

ಅನ್ನ ಬಸಿದು ತಿಂದರೆ ಆಯ್ತಲ್ಲ. ಕುಕ್ಕರಿನಲ್ಲಿ ಗಂಜಿ ಎಲ್ಲ ಒಳಗೇ ಉಳಿಯುತ್ತದೆ. ಹಿಂದಿನವರು ಗಂಜಿ ಬಸಿಯುತ್ತಿದ್ದರು, ಅದಕ್ಕೇ ಆರೋಗ್ಯವಾಗಿದ್ದರು.

ನಿವೃತ್ತ ಲ್ಯಾಬಿನವರು

ಬಸಿದರೆ ಸ್ವಲ್ಪ ಹೋಗುತ್ತದೆ, ಆದರೆ ಅಕ್ಕಿಯ ಒಳಗಿನ ಪಿಷ್ಟ ಅಲ್ಲೇ ಇರುತ್ತದೆ. ಬಸಿದ ಅನ್ನ ಪಾವು ತಿನ್ನುವುದಕ್ಕಿಂತ ಕುಕ್ಕರ್ ಅನ್ನ ಅರ್ಧ ಪಾವು ತಿನ್ನುವುದು ವಾಸಿ.

ಒಂದು ಲೆಕ್ಕ ಹಾಕಿ ನೋಡೋಣ. ಪಾವಿಗೆ ಸುಮಾರು 200 ಗ್ರಾಂ ಅಕ್ಕಿ ಅಂದುಕೊಳ್ಳಿ. ಇಬ್ಬರಿಗೆ ಹಂಚಿದರೆ ಒಂದು ಹೊತ್ತಿಗೆ ಅಮ್ಮನ ಪಾಲು 100 ಗ್ರಾಂ. ಅರ್ಧ ಪಾವಿಗೆ ಇಳಿಸಿದರೆ 50. ಎರಡು ಹೊತ್ತು ಸೇರಿದರೆ ದಿನಕ್ಕೆ 100 ಗ್ರಾಂ ಅಕ್ಕಿ ಕಡಿಮೆ, ಅಂದರೆ 350 ಕ್ಯಾಲೊರಿ ಹತ್ತಿರ. ನಾಲ್ಕು ಲೋಟ ಕಾಫಿಯಲ್ಲಿ ಚಮಚಕ್ಕೆ 5 ಗ್ರಾಂ ಹಿಡಿದರೆ 40 ಗ್ರಾಂ ಸಕ್ಕರೆ ಇತ್ತು, ಅದು 20 ಆಯ್ತು. ರಸ್ಕು, ಬೆಲ್ಲದ ಗಂಜಿ ನಾನು ಸೇರಿಸಿಯೇ ಇಲ್ಲ.

ಇಷ್ಟನ್ನು ತೆಗೆದು ಆ ಜಾಗಕ್ಕೆ ಏನೂ ಹಾಕದಿದ್ದರೆ ನಾಲ್ಕನೇ ದಿನ ತಲೆ ಸುತ್ತು ಅಂತ ಅಮ್ಮ ಎಲ್ಲವನ್ನೂ ಬಿಡುತ್ತಾರೆ. ಹಾಗಾಗಿ ಕಾಳು, ಗಟ್ಟಿ ಬೇಳೆ, ಮೊಸರು, ಒಂದು ಹಿಡಿ ಕಡಲೆಕಾಯಿ ಇರಲೇಬೇಕು. ನೀವು ಬೇಳೆ ತಳದಲ್ಲಿ ಬಿಡಬೇಡ ಅಂತ ಬರೆದ ಸಾಲು ಈ ಕಾಗದದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಯ್ತು. ನಮ್ಮ ತಿಳಿಸಾರಿನಲ್ಲಿ ಬೇಳೆಯ ಬಣ್ಣ ಇರುತ್ತದೆ, ಬೇಳೆ ಇರುವುದಿಲ್ಲ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಅನ್ನವನ್ನು ಹೀಗೆ ಒಂದೇ ಸಲ ಅರ್ಧ ಮಾಡಬಾರದು. ಸಕ್ಕರೆ ತೀರಾ ಕೆಳಗೆ ಇಳಿಯಬಹುದು. ನಿಮ್ಮಮ್ಮ ತಗೊಳ್ಳುತ್ತಿಲ್ಲ ತಾನೇ?

ಕಲ್ಪತರುನಾಡಿನವಳು

ಇಲ್ಲ, ಬಿಪಿಗೆ ಮಾತ್ರ ಒಂದು ಮಾತ್ರೆ.

ಉಪವಾಸದ ವಿಷಯ ಕೇಳಿದೆ. ಹಿಂದಿನ ರಾತ್ರಿ ಚಿಕ್ಕಪ್ಪನ ಮನೆಯಲ್ಲಿ ಗೃಹಪ್ರವೇಶದ ಊಟ. ಹೋಳಿಗೆ, ಪಾಯಸ, ಬಡಿಸಿದ್ದೇ ಹತ್ತು ಗಂಟೆಗೆ. ಬೆಳಿಗ್ಗೆ ಏಳಕ್ಕೆ ರಕ್ತ ಕೊಟ್ಟಿದ್ದಾರೆ. ಮನೆ ಬಿಡುವಾಗ ಅರ್ಧ ಲೋಟ ಕಾಫಿಯೂ ಆಗಿದೆ. "ಕಾಫಿ ಊಟ ಅಲ್ವಲ್ಲ" ಅಂತಾರೆ.

ಲಂಡನ್ನಿನ ಲಿಂಗರಾಜ

ಹಹಹ, ಹಾಗಾದರೆ 312 ಅಮ್ಮನದ್ದಲ್ಲ, ಹೋಳಿಗೆಯದ್ದು! ಕಾಗದ ಹರಿದು ಹಾಕಿ.

ನಿವೃತ್ತ ಲ್ಯಾಬಿನವರು

ಅಷ್ಟು ಬೇಗ ಬೇಡ. ಊಟ ಆದ ಮೇಲೆ ಟ್ರೈಗ್ಲಿಸರೈಡ್ ಏರುವುದು ನಿಜ, ಪೂರ್ತಿ ಇಳಿಯಲು ತಾಸುಗಟ್ಟಲೆ ಬೇಕು. ರಾತ್ರಿ ಹತ್ತಕ್ಕೆ ಹಬ್ಬದೂಟ, ಬೆಳಿಗ್ಗೆ ಏಳಕ್ಕೆ ಪರೀಕ್ಷೆ, ನಡುವೆ ಕಾಫಿ. ಸಂಖ್ಯೆ ಸ್ವಲ್ಪ ಉಬ್ಬಿರಬಹುದು. ಎಷ್ಟು ಅಂತ ಯಾರೂ ಹೇಳಲಾಗುವುದಿಲ್ಲ. ಆದರೆ ಎಚ್‌ಬಿಎ1ಸಿ ಒಂದು ರಾತ್ರಿಯ ಹೋಳಿಗೆಗೆ ಬದಲಾಗುವುದಿಲ್ಲ. ಅದು 6.2 ಇದೆ, ಎಚ್‌ಡಿಎಲ್ 38 ಇದೆ. ಹಾಗಾಗಿ ಕಾಗದ ಹೋಗಲಿ.

ಮುಂದಿನ ಸಲ ರಾತ್ರಿ ಎಂಟರೊಳಗೆ ಮಾಮೂಲಿ ಊಟ, ಬೆಳಿಗ್ಗೆ ಏಳೆಂಟಕ್ಕೆ ಪರೀಕ್ಷೆ. ನೀರು ಕುಡಿಯಬಹುದು. ಬಿಪಿ ಮಾತ್ರೆ ಯಾವಾಗ ಅಂತ ಡಾಕ್ಟರನ್ನು ಕೇಳಿ. ಮುಂಚಿನ ಎರಡು ಮೂರು ದಿನ ಮದುವೆ, ಹಬ್ಬ ಇಲ್ಲದಿರಲಿ. ಹಾಗಂತ ಪರೀಕ್ಷೆ ಇದೆ ಅಂತ ವಾರವಿಡೀ ಅರೆಹೊಟ್ಟೆ ಇರುವುದೂ ಬೇಡ. ಆಗ ಸಂಖ್ಯೆ ಚೆನ್ನಾಗಿ ಬರುತ್ತದೆ, ಆದರೆ ಅದು ಸುಳ್ಳು.

ಮತ್ತೆರಡು ಪ್ರಶ್ನೆ ಡಾಕ್ಟರಿಗೆ. ಥೈರಾಯ್ಡ್ ನೋಡಿದ್ದಾರಾ? ಆ ವಯಸ್ಸಿನ ಹೆಂಗಸರಲ್ಲಿ ಅದು ಕಡಿಮೆ ಇದ್ದರೂ ಇವೆಲ್ಲ ಏರುತ್ತವೆ. ಆಗ ಊಟ ಎಷ್ಟು ಬದಲಿಸಿದರೂ ಪೂರ್ತಿ ಇಳಿಯದೇ ಇರಬಹುದು. ಇನ್ನೊಂದು ಬಿಪಿ ಮಾತ್ರೆ. ಕೆಲವು ಬಿಪಿ ಮಾತ್ರೆ ಟ್ರೈಗ್ಲಿಸರೈಡನ್ನು ಸ್ವಲ್ಪ ಮೇಲೆ ತಳ್ಳುತ್ತವೆ. ಹೆಸರು ಹೇಳಿ ಕೇಳಿ ಅಷ್ಟೇ, ನೀವಾಗಿ ನಿಲ್ಲಿಸಬೇಡಿ.

ಕಲ್ಪತರುನಾಡಿನವಳು

ಥೈರಾಯ್ಡ್ ನೋಡಿಲ್ಲ. ತಮ್ಮನಿಗೆ ಹೇಳಿದ್ದೇನೆ, ಮುಂದಿನ ವಾರ ಕರೆದುಕೊಂಡು ಹೋಗುತ್ತಾನೆ. ಕಾಗದದಲ್ಲಿ ಮೂರು ಬದಲಾವಣೆ ಮಾಡಿದೆ: ಲಿವರ್ ಸಾಲು ತೆಗೆದೆ, ಕಾಲು ಹೋಳು ಇಬ್ಬರಿಗೂ ಸೇರಿ ಅಂತ ಬರೆದೆ, ಎಣ್ಣೆ ಪ್ಯಾಕೆಟ್ ಒಡೆದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕು ಅಂದೆ. ಅಪ್ಪನಿಗೆ ಬೇರೆ ಹಾಳೆಯಲ್ಲಿ ನಾಲ್ಕು ಸಾಲು. ಮುದ್ದೆ ಗಾತ್ರ ಹೇಗೆ ಬರೆಯೋದು ಅಂತ ಇನ್ನೂ ಗೊತ್ತಾಗಿಲ್ಲ.

ಮೈಸೂರು ಅಜ್ಜಿ

ಸಾರಿನ ಸೌಟು ತುಂಬಾ ಹಿಟ್ಟು ಅಂತ ಬರೆ. ಎಲ್ಲರ ಮನೆಯಲ್ಲೂ ಸೌಟು ಇರುತ್ತದೆ.

ಸಿರಿಧಾನ್ಯ ಸೀನ

ಎಲ್ಲರ ಮನೆ ಸೌಟೂ ಒಂದೇ ಗಾತ್ರನಾ ಅಜ್ಜಿ?

ಹಟಮಾರಿ

ನಾನು ಕೇಳಬೇಕಿರುವುದು ಬೇರೆ. ಸೋಮವಾರದ ಒಪ್ಪತ್ತಿಗೆ ಉಸಲಿ ಆಗುತ್ತಾ? ನಮ್ಮ ಮನೆಯಲ್ಲಿ ಏಕಾದಶಿಗೆ ಹೆಸರುಕಾಳು ಮುಟ್ಟಲ್ಲ, ಸಾಬಕ್ಕಿ, ಅವಲಕ್ಕಿ ಮಾತ್ರ.

ಮೈಸೂರು ಅಜ್ಜಿ

ಏಕಾದಶಿ ಬೇರೆ, ಒಪ್ಪತ್ತು ಬೇರೆ. ನಮ್ಮ ಕಡೆ ಒಪ್ಪತ್ತಿನ ರಾತ್ರಿ ಬೇಯಿಸಿದ ಅನ್ನ ಒಂದು ಬಿಟ್ಟರೆ ಮಿಕ್ಕಿದ್ದೆಲ್ಲ ನಡೆಯುತ್ತದೆ. ಏಕಾದಶಿಗೆ ಕಾಳು ಬೇಡ ಅನ್ನುವವರು ಹಾಲು, ಮೊಸರು, ಕಡಲೆಕಾಯಿ ಬೀಜ ತಿನ್ನಲಿ.

ಅತ್ತಿಗೆ ಹೇಳಿದ್ದು

ಒಪ್ಪತ್ತಿಗೆ ನಮ್ಮಲ್ಲಿ ಅವಲಕ್ಕಿಯೂ ಇಲ್ಲ, ಬರೀ ಹಣ್ಣು. ಅಜ್ಜಿ ಹೇಳುವುದು ಅವರ ಮನೆ ಪದ್ಧತಿ.

ಮೈಸೂರು ಅಜ್ಜಿ

ನಾನೂ ನಮ್ಮ ಕಡೆ ಅಂತಲೇ ಹೇಳಿದ್ದು ತಾಯಿ.

ಕುಡ್ಲದ ಮೀನು

ಎಲ್ಲರೂ ಊಟದ ಮೇಲೇ ಕೂತಿದ್ದೀರಿ. ರಾತ್ರಿ ಊಟ ಆದ ಮೇಲೆ ಕಾಲು ಗಂಟೆ ನಡೆಯಲಿಕ್ಕೆ ಹೇಳಿ. ನನಗೆ ಮೀನು ಬಿಟ್ಟರೆ ಕೆಲಸ ಮಾಡಿದ್ದು ಅದೇ.

ಕಲ್ಪತರುನಾಡಿನವಳು

ಅಪ್ಪನ ಮೊಣಕಾಲಿನಿಂದ ಇಬ್ಬರೂ ಹೊರಗೆ ಹೋಗಲ್ಲ. ಅಮ್ಮ ಒಬ್ಬರೇ ರಾತ್ರಿ ಬೀದಿಗೆ ಇಳಿಯಲ್ಲ, ನಾಯಿ ಕಾಟ. ತಾರಸಿ ಮೇಲೆ ನಡೆಯಬಹುದು. ಅದನ್ನೂ ಸೇರಿಸುತ್ತೇನೆ.

ಜೋಳದ ರೊಟ್ಟಿ

ಕಾಗದ ಮುಟ್ಟಿದ ಮೇಲೆ ಅವರು ಏನಂದರು ಅಂತ ಹಾಕ್ರಿ. ಅಗಸಿ ಚಟ್ನಿಪುಡಿ ಅಳತೆ ಬೇಕಿದ್ದರೆ ನಾಳೆ ಬರೆಯುತ್ತೇನೆ, ಬೆಳ್ಳುಳ್ಳಿ ಹಾಕಿದ್ದು ಬೇಕೋ ಹಾಕದ್ದು ಬೇಕೋ ಹೇಳ್ರಿ.

ಕಲ್ಪತರುನಾಡಿನವಳು

ಹಾಕಿದ್ದು. ಅಪ್ಪನಿಗೆ ಬೆಳ್ಳುಳ್ಳಿ ಇದ್ದರೆ ಉಳಿದದ್ದು ಏನಿದೆ ಅಂತ ನೋಡಲ್ಲ.